ಕುರಲಾಯ್ ಬರೆದ ಕಾರಣ

ಕಜಕಸ್ತಾನದ ಅಲ್ಮಾಟಿ ನಗರದ ಸಾಗಣೆ ಕಂಪನಿಯೊಂದರಲ್ಲಿ ಗುಮಾಸ್ತೆಯಾಗಿದ್ದ ಕುರಲಾಯ್‌ಗೆ ಅದು ಕೆಲಸದ ಕೊನೆಯ ದಿನ. ಸಿಬ್ಬಂದಿ ವಿಭಾಗದ ರಬಿಗಾ ಅವಳನ್ನು ಎದುರಿಗೆ ಕೂರಿಸಿಕೊಂಡು, ಬಟ್ಟಲಿಗೆ ಒಂದಿಷ್ಟೇ ಹಾಲು ಚಹಾ ಸುರಿದಳು. ಅಲ್ಲಿ ಸ್ವಲ್ಪ ಸುರಿದರೆ ಇನ್ನೂ ಕೂತಿರು ಎಂಬ ಆದರ. ತುಂಬಿಸಿದರೆ ಎದ್ದು ಹೊರಡು ಎಂದರ್ಥ.

"ಯಾಕೆ ಬಿಡ್ತಿದೀಯ ಅಂತ ಬರಿ, ಮಗಳೇ. ಸ್ವಂತ ಕಾರಣ ಅಂದ್ರೆ ಸಾಕು. ಬೇರೇನಾದ್ರೂ ಇದ್ರೆ ಬಾಯಲ್ಲಿ ಹೇಳು, ನಮ್ಮಿಬ್ಬರಲ್ಲೇ ಇರುತ್ತೆ."

ಇರುವುದಿಲ್ಲವೆಂದು ಕುರಲಾಯ್‌ಗೆ ಗೊತ್ತಿತ್ತು. ರಬಿಗಾಗೆ ಸಂಬಳ ಕೊಡುವುದು ಕಂಪನಿ. ಮೇಲಧಿಕಾರಿ ಯೆರ್ಕಿನ್‌ನನ್ನು ನೀಚನೆಂದು ಬರೆಯಲು ಕೈ ತುರಿಸುತ್ತಿತ್ತು. ಆದರೆ ವಕೀಲೆಯಾದ ಚಿಕ್ಕಮ್ಮ ಮೊದಲೇ ಗದರಿದ್ದಳು: "ಬೈದ್ರೆ ಮಾನ ಹೋಯ್ತು ಅಂತ ಅವನೇ ಕೇಸ್ ಹಾಕ್ತಾನೆ. ಎಂಥವನು ಅಂತ ಬೇಡ, ಏನು ಮಾಡಿದ ಅಂತ ಬರಿ. ಎರಡು ಪ್ರತಿ ಮಾಡು."

ಕುರಲಾಯ್ ಹಾಗೇ ಬರೆದಳು. ಯೆರ್ಕಿನ್ ಯಾವ ದಿನ ಗೋದಾಮಿನಲ್ಲಿ ಅವಳ ಸೊಂಟಕ್ಕೆ ಕೈ ಹಾಕಿದ, ಬೇಡವೆಂದಾಗ ಏನೆಂದ, ದೂರು ಹೇಳಿದಾಗ ರಬಿಗಾ ಏನೆಂದಳು, ಎಲ್ಲವನ್ನೂ. ಕಣ್ಣಾರೆ ಕಂಡ ಗೆಳತಿ ಇನ್ನೂ ಅಲ್ಲೇ ದುಡಿಯುತ್ತಿದ್ದಳು. ತನ್ನ ಹೆಸರು ಬೇಡವೆಂದು ಆ ಗೆಳತಿ ಅತ್ತಿದ್ದರಿಂದ ಕುರಲಾಯ್ ಅದನ್ನು ಬರೆಯಲಿಲ್ಲ.

ಓದುತ್ತಾ ರಬಿಗಾಳ ಮುಖ ಕಪ್ಪಿಟ್ಟಿತು. "ಈ ವ್ಯಾಪಾರದಲ್ಲಿ ಎಲ್ರೂ ಪರಿಚಯದವರೇ. ನಾಳೆ ನಿಂಗೆ ಕೆಲಸ ಕೊಡೋರು ನಂಗೇ ಫೋನ್ ಮಾಡಿ ಕೇಳೋದು."

"ಗೊತ್ತಕ್ಕಾ." ಕುರಲಾಯ್ ಎರಡನೇ ಪ್ರತಿಯನ್ನೂ ಮೇಜಿನ ಮೇಲಿಟ್ಟಳು.

ರಬಿಗಾ ಬಟ್ಟಲನ್ನು ಅಂಚಿನವರೆಗೂ ತುಂಬಿಸಿದಳು.

ಕುರಲಾಯ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಇಷ್ಟು ಕುಡಿಯೋಕೆ ಹೊತ್ತಾಗುತ್ತೆ, ಅಕ್ಕಾ. ಅಷ್ಟರಲ್ಲಿ ನನ್ನ ಪ್ರತಿಗೆ ಸೀಲ್ ಹಾಕ್ಕೊಡಿ."