ದೀಪ ಬಿಟ್ಟು ಅಳೆದ ಗೂಡು

ಟೆಸ್ಟರ್ ಅಣ್ಣನಿಗೆ ಆ ಹೆಸರು ಬಂದದ್ದು ಅಂಗಿಯ ಜೇಬಿನಲ್ಲಿ ಸದಾ ಇರುವ, ಕರೆಂಟ್ ಇದೆಯೇ ಎಂದು ನೋಡುವ ಟೆಸ್ಟರ್‌ನಿಂದ. ಮದುವೆ ಮನೆಗೂ ಅದನ್ನು ಸಿಕ್ಕಿಸಿಕೊಂಡೇ ಹೋಗುತ್ತಾನೆಂದು ಹೆಂಡತಿ ತಲೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಇಪ್ಪತ್ತೆಂಟು ವರ್ಷ ಏಣಿ ಹತ್ತಿ ಇಳಿದು ಮಂಡಿ ಸವೆದು ಹೋಗಿತ್ತು. ಮೂರನೇ ಮಹಡಿ ಅಂದರೆ ಈಗ ಎರಡು ಕಡೆ ನಿಂತು ಉಸಿರು ಎಳೆದುಕೊಳ್ಳಬೇಕು. ಅವನಿಗಿದ್ದದ್ದು ಒಂದೇ ಹೆಮ್ಮೆ, ತಾನು ಮಾಡಿದ ವೈರಿಂಗ್ ಕೆಟ್ಟಿತೆಂದು ಯಾರೂ ತನ್ನನ್ನು ಮತ್ತೆ ಕರೆದಿಲ್ಲ ಎಂಬುದು. ಆವತ್ತು ಮಧ್ಯಾಹ್ನ ಅವನು ಆ ಮೆಟ್ಟಿಲುಗಳನ್ನು ಹತ್ತುತ್ತಿದ್ದದ್ದು ಅಂಥ ಕರೆಗೇ.

ಮೇಲಿದ್ದವಳು ಗುಂಡಿಯಮ್ಮ. ನಲವತ್ತು ವರ್ಷ ಅಂಗಿಗಳಿಗೆ ಗುಂಡಿ ಹೊಲಿದು ಕಣ್ಣು ಮಂಜಾಗಿಸಿಕೊಂಡ ಮುದುಕಿ. ಅವಳ ಕೋಣೆಯ ಗೋಡೆಯಲ್ಲಿ ಒಂದೂವರೆ ಅಡಿ ಅಗಲದ ದೇವರ ಗೂಡು. "ದೇವರ ಮುಖಾನೇ ಕಾಣ್ತಿಲ್ಲ ಕಣಪ್ಪ, ಕಣ್ಣಿಗೆ ಹೊಡೀದ ಹಾಗೆ ಒಂದು ಬೆಳಕು ಮಾಡಿಕೊಡು" ಎಂದು ತಿಂಗಳ ಹಿಂದೆ ಕರೆದಿದ್ದಳು. ಅವನು ಗೂಡಿನ ಮೇಲ್ಭಾಗಕ್ಕೆ, ಮರದ ಅಂಚಿನ ಮರೆಯಲ್ಲಿ, ಬೆಚ್ಚನೆಯ ಹಳದಿ ಬೆಳಕಿನ ಎಲ್‌ಇಡಿ ಪಟ್ಟಿ ಅಂಟಿಸಿ ಹೋಗಿದ್ದ.

ಆದರೆ ಕೆಲಸದವನು ಬರುತ್ತಾನೆಂದು ಗುಂಡಿಯಮ್ಮ ಆ ಮೊದಲ ದಿನ ಗೂಡನ್ನು ತೊಳೆದು, ದೀಪವನ್ನು ಎತ್ತಿಟ್ಟಿದ್ದಳು. ಅವನು ಖಾಲಿ ಗೂಡನ್ನು ಅಳೆದ. ದೀಪ ಎಲ್ಲಿಡುತ್ತೀರಿ ಎಂದು ಕೇಳಬೇಕಿತ್ತು, ಕೇಳಲಿಲ್ಲ. ದಿನವೂ ಉರಿಯುವ ದೀಪದ ಕಾವು ನೇರ ಮೇಲಕ್ಕೇರಿ, ಮೂರೇ ವಾರಕ್ಕೆ ಅಂಟು ಬಿಟ್ಟುಕೊಂಡು, ಪಟ್ಟಿಯ ತುದಿ ಜ್ವಾಲೆಯಿಂದ ನಾಲ್ಕು ಬೆರಳು ಮೇಲೆ ಜೋತುಬಿತ್ತು. ಸುಟ್ಟ ವಾಸನೆ ಹಿಡಿದು ಓಡಿ ಬಂದ ಮಗ ದೀಪ ಆರಿಸಿ, ಪಟ್ಟಿ ಕಿತ್ತು, ದೀಪವನ್ನು ಬೀರುವಿನ ಮೇಲೆ ಇಟ್ಟುಬಿಟ್ಟ. ಹನ್ನೊಂದು ದಿನದಿಂದ ಗುಂಡಿಯಮ್ಮ ದೀಪ ಹಚ್ಚಿರಲಿಲ್ಲ.

ಬಸ್ ಓಡಿಸುವ ಮಗ ಡ್ಯೂಟಿಗೆ ಹೊರಟು ಬಾಗಿಲಲ್ಲೇ ನಿಂತಿದ್ದ. ಸಿಟ್ಟು ಮಾಡಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಈ ಸಲ ದೀಪ ಹಚ್ಚಿ ಒಂದು ಗಂಟೆ ನೀವೇ ಕೂತು ನೋಡ್ಬೇಕು. ಕಾವು ತಾಗಿದ್ರೆ ಅಮ್ಮನ ದೀಪ ಇನ್ನು ಬಂದ್" ಎಂದು ದೀಪ ಕೆಳಗಿಳಿಸಿಕೊಟ್ಟು ಹೋದ.

ಟೆಸ್ಟರ್ ಅಣ್ಣ ಮೊದಲು ದೀಪವನ್ನೇ ಹಚ್ಚಿಸಿದ. ಗುಂಡಿಯಮ್ಮನ ಬೆರಳು ಗೂಡಿನೊಳಗೆ ದೀಪದ ಹಳೇ ಜಾಗವನ್ನು ತಾನೇ ಹುಡುಕಿಕೊಂಡಿತು. ಗೂಡಿನ ಮೇಲ್ಭಾಗದಲ್ಲಿ ಅಂಗೈ ಹಿಡಿದವನು ಹತ್ತು ಎಣಿಸುವುದರೊಳಗೆ ಕೈ ಎಳೆದುಕೊಂಡ.

"ತಪ್ಪು ನಂದೇ ಅಮ್ಮ. ದೀಪ ಇಲ್ಲಿರೋವರೆಗೂ ಒಳಗೆ ಪಟ್ಟಿ ಹಾಕೋ ಹಾಗಿಲ್ಲ."

"ಹಾಗಂದ್ರೆ? ದೇವರ ಮುಂದಿಂದ ದೀಪ ಎಬ್ಬಿಸ್ತೀಯಾ?"

ಅವನು ಕೋಣೆ ನೋಡಿದ. ಗೂಡಿನ ಬಲಕ್ಕೆ, ಎರಡು ಮೊಳ ದೂರದಲ್ಲಿ ಅವಳ ಹಳೇ ಹೊಲಿಗೆ ಮಿಷನ್ನಿನ ಕಬ್ಬಿಣದ ಸ್ಟ್ಯಾಂಡು, ಮೇಲೆ ಕಲ್ಲಿನ ಹಲಗೆ. ಅದರ ನೆತ್ತಿಯ ಮೇಲೆ ಏನೂ ಇಲ್ಲ, ಹತ್ತಿರ ಪರದೆಯೂ ಇಲ್ಲ. "ಎಬ್ಬಿಸ್ತಿಲ್ಲ. ನೀವು ದುಡಿದ ಜಾಗದಲ್ಲಿ ಕೂರಿಸ್ತಿದ್ದೀನಿ" ಎಂದ. ಗುಂಡಿಯಮ್ಮ ಸೆರಗಿನಿಂದ ಕಲ್ಲು ಒರೆಸಿದಳು.

ದೀಪ ಆರಿಸಿ ಕೆಲಸಕ್ಕೆ ಕೂತ. ಗೂಡಿನ ಎಡ ಚೌಕಟ್ಟಿನ ಹಿಂದೆ, ದೀಪಕ್ಕೆ ದೂರದ ಕಡೆ, ಟೊಳ್ಳಾದ ಅಲ್ಯೂಮಿನಿಯಂ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿದ. ಈ ಸಲ ಅಂಟನ್ನೇ ನಂಬಲಿಲ್ಲ. ಅದರೊಳಗೆ ಎಲ್‌ಇಡಿ, ಮೇಲೆ ಹಾಲುಬಣ್ಣದ ಮುಚ್ಚಳ. ಬೆಳಕು ಒಳಮುಖ, ಎದುರು ನಿಂತವರ ಕಣ್ಣಿಗೆ ಬಿಂದುವೂ ಕಾಣದು. ಅಡಾಪ್ಟರನ್ನು ಗೂಡಿನ ಹೊರಗೆ, ಎಡಗಡೆ, ಗಾಳಿಯಾಡುವ ಕಡೆ ಕೂರಿಸಿದ. ಸ್ವಿಚ್ ಒತ್ತಿದಾಗ ಗುಂಡಿಯಮ್ಮ ಮುಖವನ್ನು ಗೂಡಿನ ಹತ್ತಿರ ತಂದು, "ಅಯ್ಯೋ, ಮೂಗಿನ ಮೇಲೆಲ್ಲ ಮಸಿ! ಇಷ್ಟು ದಿನ ಹೀಗೇ ಕೂತಿದ್ದೆಯಾ?" ಎಂದು ದೇವರನ್ನೇ ಗದರಿದಳು.

ಮೂರು ಗಂಟೆಗೆ ಕಲ್ಲಿನ ಮೇಲೆ ದೀಪ ಹಚ್ಚಿದರು. ಟೆಸ್ಟರ್ ಅಣ್ಣ ಗೋಡೆಗೊರಗಿ ನೆಲದಲ್ಲಿ ಕೂತ. ಬೆಳಗ್ಗೆಯಿಂದ ಮೂರು ಮನೆ ಆಗಿತ್ತು, ಮಂಡಿ ಮಿಡಿಯುತ್ತಿತ್ತು. ಐದು ನಿಮಿಷ ಕಣ್ಣು ಮುಚ್ಚೋಣ ಅಂದುಕೊಂಡ.

ಕಣ್ಣು ಬಿಟ್ಟಾಗ ನಾಲ್ಕೂಕಾಲು. ದಡಬಡಿಸಿ ನೆಟ್ಟಗೆ ಕೂತ. ಗುಂಡಿಯಮ್ಮ ಎತ್ತರದ ಸ್ಟೂಲಿನ ಮೇಲೆ ಗೂಡಿನ ಪಕ್ಕ ಕೂತು, ಚೌಕಟ್ಟಿನ ಹಿಂದೆ ಕೈ ಹಾಕಿ ಆ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡಿದ್ದಳು.

"ನೀನು ಸುಸ್ತಾಗಿದ್ದೆ, ಎಬ್ಬಿಸೋಕೆ ಮನಸ್ಸು ಬರಲಿಲ್ಲ" ಎಂದಳು. "ನನ್ನ ಕಣ್ಣು ಹೋಗಿದೆ, ಬೆರಳು ಹೋಗಿಲ್ಲ. ದೀಪ ಹಚ್ಚಿದಾಗ ಎಷ್ಟು ಬೆಚ್ಚಗಿತ್ತೋ ಈಗಲೂ ಅಷ್ಟೇ ಇದೆ. ನನ್ನ ಮಗನಿಗೆ ನೀನೇ ನೋಡಿದೆ ಅಂತ ಹೇಳು ಹೋಗು."

ಟೆಸ್ಟರ್ ಅಣ್ಣನಿಗೆ ಅಳು ಬಂತು. ತನ್ನ ತಪ್ಪಿನಿಂದ ಮನೆಯೇ ಸುಟ್ಟುಹೋಗಬಹುದಾಗಿದ್ದ ಮುದುಕಿ ತನ್ನ ನಿದ್ದೆ ಕಾದಿದ್ದಳು. ಅವನು ಎದ್ದು, ಮೆಲ್ಲಗೆ ಅವಳ ಬೆರಳು ಸರಿಸಿ ತನ್ನ ಬೆರಳಿಟ್ಟ. "ನೀವು ಹೋಗಿ ಮಲಗಿ ಅಮ್ಮ" ಎಂದ. "ನನ್ನ ಗಂಟೆ ಈಗ ಶುರು."