‘ಮುಚ್ಚಲಾಗಿದೆ’ ಎಂದು ಬರೆದವಳು ನಾನು

ಭದ್ರಾವತಿಯ ಹೊರವಲಯದ ಒಂದು ಖಾಸಗಿ ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿ. ಶಿವಮೊಗ್ಗದ ನವುಲೆಯ ಮನೆಯಿಂದ ದಿನಾ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತೇನೆ. ಈ ಸಂಗತಿಯನ್ನು ಮನೆಯಲ್ಲಿ ಅರ್ಧ ಮಾತ್ರ ಹೇಳಿದ್ದೆ. ಪೂರ್ತಿ ಹೇಳುತ್ತಿರುವುದು ಈಗಲೇ.

ನಮ್ಮಲ್ಲಿ ಟ್ಯಾಂಕಿನೊಳಗೆ ಇಳಿದು ವೆಲ್ಡಿಂಗ್ ಮಾಡುವ ಮೊದಲು ಪರ್ಮಿಟ್ ಎಂಬ ಕಾಗದ ತುಂಬಬೇಕು. ಒಳಗೆ ಆಮ್ಲಜನಕ ಎಷ್ಟಿದೆ, ಹೊತ್ತಿಕೊಳ್ಳುವ ಅನಿಲವೋ ವಿಷಾನಿಲವೋ ಇದೆಯೇ, ಟ್ಯಾಂಕಿಗೆ ಬರುವ ಪೈಪುಗಳ ಸಂಪರ್ಕ ತಪ್ಪಿಸಿದ್ದಾರೆಯೇ, ಬಾಗಿಲ ಬಳಿ ಕಾವಲಿಗೆ ಯಾರಿದ್ದಾರೆ, ಒಂದೊಂದನ್ನೂ ಕಣ್ಣಾರೆ ನೋಡಿ ಸಹಿ ಹಾಕಬೇಕು. ಈ ಕಾಗದ ಇಂಗ್ಲಿಷಿನಲ್ಲಿತ್ತು. ಗುತ್ತಿಗೆ ಕೆಲಸಗಾರರಿಗೆ ಓದಲು ಬರುವುದಿಲ್ಲವೆಂದು ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ನನ್ನ ಕನ್ನಡದ ಮೇಲೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಪೈಪಿನ ವಿಷಯದಲ್ಲಿ ಮೂಲದ ಮಾತು ಉದ್ದವಾಗಿತ್ತು. ವಾಲ್ವ್ ಮುಚ್ಚಿದರೆ ಸಾಲದು; ಪೈಪಿನ ಜೋಡಣೆಯ ನಡುವೆ ಬ್ಲೈಂಡ್ ಎನ್ನುವ ಗಟ್ಟಿ ಕಬ್ಬಿಣದ ತಟ್ಟೆ ಹಾಕಬೇಕು, ಇಲ್ಲವೇ ಪೈಪನ್ನೇ ಬಿಚ್ಚಿಡಬೇಕು. ಎಲ್ಲವೂ ಒಂದೇ ಪುಟದಲ್ಲಿ ಹಿಡಿಯಬೇಕಿತ್ತು. ನಾನು ‘ಎಲ್ಲ ಪೈಪುಗಳನ್ನು ಮುಚ್ಚಲಾಗಿದೆ’ ಎಂದು ಬರೆದು ಮುಗಿಸಿದೆ.

ಹೊಸ ಕಾಗದ ಬಂದ ವಾರವೇ ಹಳೇನಗರದ ಕಡೆಯ, ಪೈಪು ಜೋಡಿಸುವ ಫಿಟ್ಟರೊಬ್ಬರು ಅದನ್ನು ಹಿಡಿದು ಬಂದರು. ವಯಸ್ಸಿನಲ್ಲಿ ನನ್ನ ತಂದೆಯಷ್ಟು ದೊಡ್ಡವರು.

“ಮೇಡಂ, ಮುಚ್ಚೋದು ಅಂದ್ರೆ ವಾಲ್ವಾ, ಬ್ಲೈಂಡಾ?”

ಸುತ್ತ ನಾಲ್ಕು ಜನ ಇದ್ದರು. ನನ್ನ ಬರಹದಲ್ಲಿ ತಪ್ಪು ಹುಡುಕುತ್ತಿದ್ದಾರೆ ಅನ್ನಿಸಿತು.

“ಇಷ್ಟು ವರ್ಷ ಕೆಲಸ ಮಾಡಿ ಇದನ್ನೂ ನನ್ನ ಕೇಳ್ತೀರಾ? ಬರೆದಿರೋದು ಓದ್ಕೊಳ್ಳಿ.”

ಅವರು ತಲೆಯಾಡಿಸಿ ಹೋದರು.

ತಿಂಗಳೊಪ್ಪತ್ತಿನ ಮೇಲೆ ಒಂದು ಟ್ಯಾಂಕಿನ ತಳ ಸೋರಿ, ಒಳಗೆ ಬೆಸುಗೆ ಹಾಕಬೇಕಾಯಿತು. ಅದಕ್ಕೆ ನೈಟ್ರೋಜನ್ ಪೈಪಿನ ಸಂಪರ್ಕವಿತ್ತು. ಫಿಟ್ಟರು ವಾಲ್ವ್ ಮುಚ್ಚಿ, ಬೀಗ ಹಾಕಿ, ಕೆಂಪು ಚೀಟಿ ಕಟ್ಟಿದರು. ನಾನೂ ಮೇಲೆ ಹತ್ತಿ ನೋಡಿದೆ. ಬೀಗ ಕಂಡಿತು, ಚೀಟಿ ಕಂಡಿತು. ಬ್ಲೈಂಡ್ ಇಲ್ಲದ್ದು ಕಾಣಬೇಕಿತ್ತು, ಅದನ್ನು ಹುಡುಕಲೇ ಇಲ್ಲ. ಗ್ಯಾಸ್ ಮೀಟರು ಆಮ್ಲಜನಕ ಸರಿಯಿದೆ ಎಂದಿತು. ಸಹಿ ಹಾಕಿ ಇಳಿದೆ.

ಮಧ್ಯಾಹ್ನ ಪಕ್ಕದ ಘಟಕದವರು ನೈಟ್ರೋಜನ್ ಒತ್ತಡ ಏರಿಸಿದರು. ಹಳೆಯ ವಾಲ್ವ್ ಮುಚ್ಚಿದ್ದರೂ ಒಳಗೊಳಗೇ ಬಿಡುತ್ತಿತ್ತು. ನೈಟ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕದ ಜಾಗವನ್ನು ಸುಮ್ಮನೆ ತಾನು ತುಂಬಿಕೊಳ್ಳುತ್ತದೆ. ಗಾಳಿ ಊದುವ ಬ್ಲೋವರಿನ ಕೈಯಲ್ಲಿ ಅಷ್ಟನ್ನು ತಳ್ಳಲಾಗಲಿಲ್ಲ. ಒಳಗಿದ್ದ ಯುವ ವೆಲ್ಡರನ ಎದೆಯ ಮೇಲಿದ್ದ ಗ್ಯಾಸ್ ಮೀಟರು ಕೂಗಿತು. ಕಬ್ಬಿಣ ಉಜ್ಜುವ ಗ್ರೈಂಡರಿನ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಬಾಗಿಲ ಬಳಿ ಕಾವಲಿದ್ದವನಿಗೆ ಅದರ ದೀಪ ಮಿನುಗುವುದು ಕಂಡಿತು. “ಹೊರಗೆ ಬಾರೋ ಮಾರಾಯ!” ಎಂದು ಅವನು ಕಿರುಚುತ್ತಿದ್ದಂತೆಯೇ ವೆಲ್ಡರ್ ಕುಸಿದು ಕೂತ. ಪುಣ್ಯಕ್ಕೆ ಕಾವಲಿನವನು ಒಳಗೆ ನುಗ್ಗಲಿಲ್ಲ; ನುಗ್ಗಿದ್ದರೆ ಅವನೂ ಬೀಳುತ್ತಿದ್ದ. ವೆಲ್ಡರನ ಬೆಲ್ಟಿಗೆ ಕಟ್ಟಿದ್ದ ಹಗ್ಗವನ್ನು ರಾಟೆಯಿಂದ ಸುತ್ತಿ ಹೊರಗೆಳೆದ. ನಾನು ಓಡಿ ಹೋಗುವಷ್ಟರಲ್ಲಿ ವೆಲ್ಡರ್ ಕಣ್ಣು ತೆರೆದಿದ್ದ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಮನೆಗೆ ಹೋದ.

ವಿಚಾರಣೆಯಲ್ಲಿ ಫಿಟ್ಟರನ್ನು ಕೇಳಿದರು, “ಬ್ಲೈಂಡ್ ಯಾಕೆ ಹಾಕ್ಲಿಲ್ಲ?”

“ಪೇಪರಲ್ಲಿ ಮುಚ್ಚಿ ಅಂತ ಇತ್ತು ಸಾರ್. ಮುಚ್ಚಿದೆ.”

ಅಷ್ಟು ಹೇಳಿ ಒಮ್ಮೆ ನನ್ನ ಕಡೆ ನೋಡಿದರು. ‘ಮೇಡಂನ ಕೇಳಿದ್ದೆ’ ಎಂದು ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಹೇಳಬೇಕಾದವಳು ನಾನು. ನಾನು ಮುಂದಿದ್ದ ಕಡತದ ದಾರವನ್ನು ಬಿಚ್ಚಿ ಕಟ್ಟುತ್ತ ಕೂತೆ. ಅವರನ್ನು ಕೆಲಸದಿಂದ ಅಮಾನತು ಮಾಡಿದರು.

ಮೂರು ದಿನ ಎಂದಿನಂತೆ ಕೆಲಸಕ್ಕೆ ಹೋಗಿಬಂದೆ. ನಾಲ್ಕನೆಯ ದಿನ ಮ್ಯಾನೇಜರ ಕೋಣೆಗೆ ಹೋಗಿ, ನನ್ನ ವಾಕ್ಯ, ಫಿಟ್ಟರ ಪ್ರಶ್ನೆ, ನನ್ನ ಉತ್ತರ, ಬ್ಲೈಂಡ್ ನೋಡದೆ ಹಾಕಿದ ಸಹಿ, ಎಲ್ಲ ಹೇಳಿದೆ. ಮ್ಯಾನೇಜರು, “ಮೊದಲು ಆ ವಾಕ್ಯ ಸರಿಮಾಡಿ” ಅಂದರು. ನನಗೊಂದು ಎಚ್ಚರಿಕೆ ಪತ್ರ ಬಂತು. ಫಿಟ್ಟರ ಅಮಾನತು ರದ್ದಾಯಿತು. ಯಾಕೆ ರದ್ದಾಯಿತೆಂದು ನೋಟಿಸಿನಲ್ಲಿ ಬರೆಯಲಿಲ್ಲ.

ನಾನು ಫಿಟ್ಟರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟರು. “ತಪ್ಪಾಯ್ತು” ಅಂದೆ. “ಬಿಡಿ ಮೇಡಂ, ಹುಡುಗ ಉಳ್ಕೊಂಡ್ನಲ್ಲ,” ಅಂದರು ಫಿಟ್ಟರು. ಆಮೇಲೆ ಹೊಸ ಕಾಗದವನ್ನು ಅವರ ಮುಂದಿಟ್ಟು, ಅವರು ಹೇಳಿದ ಹಾಗೇ ಬರೆದೆ: ‘ವಾಲ್ವ್ ಮುಚ್ಚಿದರೆ ಸಾಲದು. ಬ್ಲೈಂಡ್ ಹಾಕಿದೆಯೇ ಅಥವಾ ಪೈಪ್ ಬಿಚ್ಚಿದೆಯೇ? ಯಾವ ಜಾಗದಲ್ಲಿ? ಹಾಕಿದವರು ಯಾರು, ನೋಡಿದವರು ಯಾರು?’

ಸುರಕ್ಷತಾ ಸಪ್ತಾಹದಲ್ಲಿ, ಕೆಲಸಗಾರರಿಗೆ ಅರ್ಥವಾಗುವ ಕನ್ನಡ ಪರ್ಮಿಟ್ ತಯಾರಿಸಿದ್ದಕ್ಕೆ ನನಗೊಂದು ಬಹುಮಾನ ಕೊಟ್ಟರು. ವೇದಿಕೆಯ ಮೇಲೆ ಮೈಕು ನನ್ನ ಕೈಯಲ್ಲೇ ಇತ್ತು. “ಎಲ್ಲರಿಗೂ ಧನ್ಯವಾದ” ಅಂದೆ, ಇಳಿದೆ. ಫಿಟ್ಟರು ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು.