ಹೆಚ್ಚಿದ ಮೇಲೆ ತೊಳೆದ ಮೆಂತೆ

ಹುಮನಾಬಾದಿನ ನಮ್ಮ ಮನೆಯಲ್ಲಿ ಮೆಂತೆ ಪಲ್ಲೆ ಹೆಚ್ಚುತ್ತಾ ಕೂತಿದ್ದೆ. ಬಸವಕಲ್ಯಾಣದ ಅಧ್ಯಯನ ಕೇಂದ್ರದಿಂದ ಫೋನ್ ಬಂತು. "ಅಕ್ಕಾರ, ನಿಮ್ಮ ಮೌಖಿಕ ಪರೀಕ್ಷೆ ನಾಳೆ ಅಲ್ಲ, ಇವತ್ತ. ಇನ್ನ ಅರ್ಧ ತಾಸಿಗೆ ವಿಡಿಯೊ ಕಾಲ್ ಬರ್ತದ."

ಆಹಾರ ಮತ್ತು ಪೋಷಣೆಯ ಅಂಚೆ ಶಿಕ್ಷಣದ ಕೋರ್ಸಿನಲ್ಲಿ ಅದೊಂದೇ ಬಾಕಿ. ಎರಡು ಸಲ ಫೇಲಾಗಿದ್ದೆ. ಇದು ಕೊನೆಯ ಅವಕಾಶ. ಈಳಿಗೆ, ಪಲ್ಲೆ ಎಲ್ಲಾ ಹಾಗೇ ಬಿಟ್ಟು ಎದ್ದೆ. ಕರೆಂಟ್ ಇತ್ತು, ಅದೇ ದೇವರ ದಯೆ.

ಪರದೆಯ ಮೇಲಿನ ಮೇಡಂ ನನ್ನ ನೋಂದಣಿ ಸಂಖ್ಯೆ ಹೇಳಿಸಿ, ಗುರುತಿನ ಚೀಟಿಯನ್ನು ಮುಖದ ಪಕ್ಕ ಹಿಡಿಯಲು ಹೇಳಿದರು. ಚೀಟಿಯಲ್ಲಿ ಹಣೆ ಬೋಳು, ಇಲ್ಲಿ ಮೂರು ಬೆರಳು ವಿಭೂತಿ. ಸೂಕ್ಷ್ಮವಾಗಿ ನೋಡಿ "ಆಯ್ತು, ನೀವೇ" ಎಂದರು.

"ಫೋನ್ ತಿರುಗಿಸಿ ಕೋಣೆ ತೋರಿಸ್ರಿ."

ತಿರುಗಿಸಿದೆ. ಮಂಚದ ಮೇಲೆ ಮಾವ.

"ಅವರು ಹೊರಗೆ ಹೋಗ್ಬೇಕ್ರಿ. ನೀವು ಸೆರಗು ತೆಗೀರಿ, ಕಿವಿ ಕಾಣ್ಬೇಕು. ಕಿವಿಯಲ್ಲಿ ಏನಾದ್ರೂ ಸಿಕ್ಕಿಸಿಕೊಂಡೀರೇನೋ ನೋಡ್ಬೇಕು."

ಮದುವೆಯಾದಂದಿನಿಂದ ಮಾವನ ಮುಂದೆ ತಲೆಯ ಸೆರಗು ಜಾರಿಸಿದವಳಲ್ಲ. ಪಾಪ, ಅವರೇ ಮುಖ ಗೋಡೆಗೆ ಮಾಡಿ, ಏಡಿಯಂತೆ ಅಡ್ಡಡ್ಡ ನಡೆದು, "ನಾ ಏನೂ ನೋಡ್ಲಿಲ್ಲವ್ವಾ" ಅನ್ನುತ್ತಾ ಹೊರಗೆ ಹೋದರು. ಬಾಗಿಲಿಗೆ ಹಣೆ ಬಡಿಯಿತು.

ಪ್ರಶ್ನೆಗಳು ಎಲ್ಲರಿಗೂ ಬೇರೆ ಬೇರೆ. ಕಂಪ್ಯೂಟರೇ ಪಟ್ಟಿಯಿಂದ ಆರಿಸುತ್ತದೆ. ಒಂದಕ್ಕೆ ಎರಡು ನಿಮಿಷ. ನಡುವೆ ಕಾಲ್ ಕಡಿದರೆ ಗಡಿಯಾರ ನಿಲ್ಲಿಸುತ್ತೇವೆ ಎಂದೂ ಹೇಳಿದರು. ನಾಲ್ಕಕ್ಕೆ ಉತ್ತರ ಕೊಟ್ಟೆ. ಕೊನೆಯದಾದ ಐದನೆಯದು ಬಂತು: "ಸೊಪ್ಪಿನ ಪೋಷಕಾಂಶ ನೀರುಪಾಲಾಗದಂತೆ ಏನು ಮಾಡ್ತೀರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆ ಮನೆಯಿಂದ ಅತ್ತೆಯ ಗದರಿಕೆ: "ಪಲ್ಲೆ ಮೊದಲ ತೊಳೀಬೇಕು, ಆಮ್ಯಾಲ ಹೆಚ್ಚಬೇಕು! ಪೋಷಣೆ ಓದಾಕತ್ತಾಳಂತ, ಮಣ್ಣಿನ ಸಮೇತ ಹೆಚ್ಚಿಟ್ಟಾಳ!"

ಮೇಡಂ ಗಡಿಯಾರ ನಿಲ್ಲಿಸಿದರು. "ಯಾರ್ರೀ ಅದು?"

"ನಮ್ಮ ಅತ್ತೀರಿ. ಉತ್ತರ ಹೇಳಿದ್ದಲ್ರಿ, ನನಗ ಬೈದದ್ರಿ."

ಅತ್ತೆ ಬಾಗಿಲಲ್ಲೇ ನಿಂತು, "ಸುಳ್ಳ್ಯಾಕ ಹೇಳ್ಲಿ ಅಕ್ಕಾರ, ಬಂದು ನೋಡ್ರಿ ಮಣ್ಣ" ಎಂದು ಸಾಕ್ಷಿ ನುಡಿದರು.

ಮೇಡಂ ನಕ್ಕರೂ ನಿಯಮ ಬಿಡಲಿಲ್ಲ. "ಉತ್ತರ ಸರಿ, ಆದರೆ ಅದು ನಿಮ್ಮದಲ್ಲ. ಈ ಪ್ರಶ್ನೆ ರದ್ದು. ಅದೇ ಪಾಠದಿಂದ ಇನ್ನೊಂದು ಬರ್ತದೆ. ಮತ್ತೆ ಪೂರ್ತಿ ಎರಡು ನಿಮಿಷ." ಅತ್ತೆಯನ್ನು ಹೊರಗೆ ಕಳಿಸಿ, ಮತ್ತೊಮ್ಮೆ ಕೋಣೆ ತೋರಿಸಿದೆ.

ಹೊಸ ಪ್ರಶ್ನೆ: ಜೋಳದ ರೊಟ್ಟಿಯ ಜೊತೆ ಬೇಳೆ ಏಕೆ? ನಾನು ಕಣ್ಣು ಮುಚ್ಚಿ ಬಸವಣ್ಣನವರನ್ನು ನೆನೆದೆ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನಿನ ಅಂಶವನ್ನು ಬೇಳೆ ಕೊಡುತ್ತದೆ, ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಜೋಳ ಕೊಡುತ್ತದೆ ಎಂದೆ. ಗಡಿಯಾರದಲ್ಲಿ ಇನ್ನೂ ಒಂದು ನಿಮಿಷ ಉಳಿದಿತ್ತು.

ಮಧ್ಯಾಹ್ನ ಫೋನಿಗೆ ಸಂದೇಶ ಬಂತು: ಉತ್ತೀರ್ಣ. ಮಾವ ಹಣೆ ಉಜ್ಜಿಕೊಳ್ಳುತ್ತಾ ಪೇಡೆ ತರಲು ಹೊರಟರು.

ಅತ್ತೆ ಮಾತ್ರ ಹೆಚ್ಚಿದ ಮೆಂತೆಯ ಬುಟ್ಟಿ ಮುಂದಿಟ್ಟು, "ಪಾಸಾದವರು ಇದನ್ನೂ ತೊಳದು ಹಾಕ್ರಿ" ಎಂದರು. ಸೆರಗು ತಲೆಗೇರಿಸಿ ಬಕೆಟಿನ ಮುಂದೆ ಕೂತೆ.